ನಿರುದ್ಯೋಗ ಸಹಜ ದರಕ್ಕೆ ವಾಪಸ್ ಬಂದರೂ ಹಣದುಬ್ಬರ ಯಾಕೆ ಇಳಿಯಲ್ಲ? (ಫಿಲಿಪ್ಸ್ ರೇಖೆಯ ಒಂದು ಲೆಕ್ಕ)

ಓದುಹುಳು

ಎಲ್ಲರಿಗೂ ನಮಸ್ಕಾರ. ಎಂ.ಎ. ಮೊದಲ ವರ್ಷದ ಪರೀಕ್ಷೆಗೆ ಓದುತ್ತಿದ್ದೇನೆ. ನಿರೀಕ್ಷೆ ಸೇರಿಸಿದ ಫಿಲಿಪ್ಸ್ ರೇಖೆಯ ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸೂತ್ರ ಇದು:

```
π = πe − a(u − u*)
```

π ಈ ವರ್ಷದ ಹಣದುಬ್ಬರ, πe ಜನ ನಿರೀಕ್ಷಿಸಿದ್ದ ಹಣದುಬ್ಬರ, u ನಿರುದ್ಯೋಗ, u* ಸಹಜ ನಿರುದ್ಯೋಗ ದರ. ಪ್ರಶ್ನೆಯಲ್ಲಿ ಸಹಜ ದರ ಶೇ 5, a ಅಂದರೆ 0.5. ಜನ ಹೋದ ವರ್ಷ ಎಷ್ಟು ಹಣದುಬ್ಬರ ಇತ್ತೋ ಈ ವರ್ಷವೂ ಅಷ್ಟೇ ಇರುತ್ತದೆ ಎಂದುಕೊಳ್ಳುತ್ತಾರೆ. ಶುರುವಿನಲ್ಲಿ ಹಣದುಬ್ಬರ ಶೇ 2. ಸರ್ಕಾರ ಮೂರು ವರ್ಷ ನಿರುದ್ಯೋಗವನ್ನು ಶೇ 3ಕ್ಕೆ ಇಳಿಸಿ ಹಿಡಿದಿಡುತ್ತದೆ. ನಾಲ್ಕನೇ ವರ್ಷ ಅದು ಮತ್ತೆ 5ಕ್ಕೆ ಬರುತ್ತದೆ. ಆ ವರ್ಷ ಹಣದುಬ್ಬರ ಎಷ್ಟು?

ಪುಸ್ತಕದ ಕೊನೆಯಲ್ಲಿ ಉತ್ತರ 5 ಅಂತ ಇದೆ. ಸೂತ್ರಕ್ಕೆ ಹಾಕಿದರೆ 5 ಬರುತ್ತದೆ, ಅದು ಸರಿ. ಆದರೆ ಅರ್ಥ ಆಗುತ್ತಿಲ್ಲ. ನಿರುದ್ಯೋಗ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂತು. ಹಾಗಾದರೆ ಹಣದುಬ್ಬರವೂ 2ಕ್ಕೆ ವಾಪಸ್ ಬರಬೇಕಲ್ವಾ? ಸಹಜ ದರವೇ ಈ ರೇಖೆಯನ್ನು ಹಿಡಿದು ನಿಲ್ಲಿಸುತ್ತದೆ ಅಂತ ತರಗತಿಯಲ್ಲಿ ಹೇಳಿದ್ದರು. ಅದು ಏನನ್ನು ಹಿಡಿದು ನಿಲ್ಲಿಸುತ್ತದೆ?

ನೇರನುಡಿ

ಫಿಲಿಪ್ಸ್ ರೇಖೆ 1970ರ ದಶಕದಲ್ಲೇ ಸತ್ತುಹೋಯಿತು. ಹಣದುಬ್ಬರವೂ ಜಾಸ್ತಿ, ನಿರುದ್ಯೋಗವೂ ಜಾಸ್ತಿ ಆದಮೇಲೆ ಅದಕ್ಕೆ ಏನು ಬೆಲೆ? ಪರೀಕ್ಷೆಗೆ 5 ಅಂತ ಬರೆದು ಮುಂದೆ ಹೋಗಿ.

ಅಂಕಿಸಂಕಿ

ಮೊದಲು ವರ್ಷ ವರ್ಷ ಬಿಡಿಸಿ ನೋಡಿ. ನಿರುದ್ಯೋಗ ಸಹಜ ದರಕ್ಕಿಂತ 2 ಅಂಶ ಕೆಳಗಿದೆ. 2ನ್ನು 0.5ರಿಂದ ಗುಣಿಸಿದರೆ 1. ಅಂದರೆ ಪ್ರತಿ ವರ್ಷ ಹಣದುಬ್ಬರ ಜನ ಎಣಿಸಿದ್ದಕ್ಕಿಂತ 1 ಅಂಶ ಮೇಲೆ ಬರುತ್ತದೆ.

ಮೊದಲ ವರ್ಷ ಜನ 2 ಎಂದುಕೊಂಡಿದ್ದರು, ಬಂದದ್ದು 3. ಎರಡನೇ ವರ್ಷ 3 ಎಂದುಕೊಂಡರು, ಬಂದದ್ದು 4. ಮೂರನೇ ವರ್ಷ 4 ಎಂದುಕೊಂಡರು, ಬಂದದ್ದು 5. ನಾಲ್ಕನೇ ವರ್ಷ ನಿರುದ್ಯೋಗದ ಅಂತರ ಸೊನ್ನೆ ಆಯಿತು. ಈಗ ಸೂತ್ರದಲ್ಲಿ ಉಳಿಯುವುದು πe ಒಂದೇ. ಅದು 5. ಹಾಗಾಗಿ ಉತ್ತರವೂ 5.

ಕುತೂಹಲಿ

ಹಣದುಬ್ಬರ 5ಕ್ಕೆ ನಿಂತಿತು ಅಂದರೆ ಬೆಲೆ ಏರುವುದು ನಿಂತಿತು ಅಂತಲಾ?

ಅಂಕಿಸಂಕಿ

ಇಲ್ಲ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತಲೇ ಇರುತ್ತವೆ. ಏರುವ ವೇಗ ಮಾತ್ರ ಇನ್ನು ಹೆಚ್ಚುವುದಿಲ್ಲ.

ಹಳೇ ಮೇಷ್ಟ್ರು

ಓದುಹುಳು ಅವರೇ, ನಿಮ್ಮ ಪ್ರಶ್ನೆ ಒಳ್ಳೆಯ ಜಾಗಕ್ಕೆ ಕೈ ಹಾಕಿದೆ. ಲೆಕ್ಕ ಅಂಕಿಸಂಕಿ ಹೇಳಿದರು. ಅದರ ಹಿಂದಿನ ಕಾರಣ ನಾನು ಹೇಳುತ್ತೇನೆ.

ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ಹಣದುಬ್ಬರ ಅಂದರೆ ನೀರಿನ ಮಟ್ಟ. ನಿರುದ್ಯೋಗ ಸಹಜ ದರಕ್ಕಿಂತ ಕೆಳಗಿದ್ದರೆ ನಲ್ಲಿ ತೆರೆದಿದೆ, ಮಟ್ಟ ಏರುತ್ತದೆ. ಸಹಜ ದರಕ್ಕೆ ವಾಪಸ್ ಬಂದರೆ ನಲ್ಲಿ ಮುಚ್ಚಿದಿರಿ, ಅಷ್ಟೇ. ತುಂಬಿದ ನೀರು ಎಲ್ಲಿಗೂ ಹೋಗುವುದಿಲ್ಲ. ಇಳಿಸಬೇಕಾದರೆ ಕೆಳಗಿನ ತೂಬು ತೆಗೆಯಬೇಕು, ಅಂದರೆ ನಿರುದ್ಯೋಗ ಸಹಜ ದರಕ್ಕಿಂತ ಮೇಲಕ್ಕೆ ಹೋಗಿ ಸ್ವಲ್ಪ ಕಾಲ ಅಲ್ಲೇ ಇರಬೇಕು. ನಿಮ್ಮ ಲೆಕ್ಕದಲ್ಲಿ 5ರಿಂದ 2ಕ್ಕೆ ಇಳಿಸಲು ನಿರುದ್ಯೋಗವನ್ನು ಎರಡು ವರ್ಷ ಶೇ 8ರಲ್ಲಿ ಇಡಬೇಕು. ಇಲ್ಲವೇ ಆರು ವರ್ಷ ಶೇ 6ರಲ್ಲಿ ಇಡಬೇಕು. ಎರಡೂ ಒಂದೇ ಮೊತ್ತ.

ಸಹಜ ದರ ಏನನ್ನು ಹಿಡಿದು ನಿಲ್ಲಿಸುತ್ತದೆ ಎಂದು ಕೇಳಿದಿರಿ. ಅದು ಹಣದುಬ್ಬರ 2 ಇರಬೇಕೋ 5 ಇರಬೇಕೋ 10 ಇರಬೇಕೋ ಎಂದು ಹೇಳುವುದೇ ಇಲ್ಲ. ನಿರೀಕ್ಷೆ ಎಷ್ಟಿದೆಯೋ ಅಷ್ಟೇ ಹಣದುಬ್ಬರ ಬರುವ ಒಂದೇ ಒಂದು ನಿರುದ್ಯೋಗ ಮಟ್ಟ ಯಾವುದು ಎಂದು ಹೇಳುತ್ತದೆ. ಕಾಗದದ ಮೇಲೆ ರೇಖೆ ಎಳೆಯುವಾಗ ಇದು ಸಲೀಸಾಗಿ ಕಾಣುತ್ತದೆ. ನಿರೀಕ್ಷೆ 2 ಇದ್ದಾಗಿನ ರೇಖೆ ಶೇ 5 ನಿರುದ್ಯೋಗದ ಮೇಲೆ 2ನ್ನು ಮುಟ್ಟುತ್ತದೆ. ನಿರೀಕ್ಷೆ 5 ಆದರೆ ಇಡೀ ರೇಖೆ ಮೇಲಕ್ಕೆ ಜರುಗಿ ಅದೇ ಶೇ 5 ನಿರುದ್ಯೋಗದ ಮೇಲೆ 5ನ್ನು ಮುಟ್ಟುತ್ತದೆ. ರೇಖೆ ಎಷ್ಟು ಸಲ ಜರುಗಿದರೂ ಆ ಲಂಬ ಗೆರೆಯ ಮೇಲೆ ಅದರ ಒಂದು ಬಿಂದು ಇದ್ದೇ ಇರುತ್ತದೆ. ದೀರ್ಘಾವಧಿಯ ರೇಖೆ ನೆಟ್ಟಗೆ ನಿಂತಿದೆ ಎನ್ನುವುದು ಇದಕ್ಕೇ.

ನೇರನುಡಿ

ಮೇಷ್ಟ್ರೇ, ಇದೆಲ್ಲ ಕಾಗದದ ಮೇಲೆ ಸರಿ. ನಿಜಕ್ಕೂ ನಡೆದದ್ದು ಬೇರೆ. 1973ರ ಅಕ್ಟೋಬರ್‌ನಲ್ಲಿ ತೈಲ ನಿರ್ಬಂಧ ಬಂತು, ಬೆಲೆ ಹಾರಿತು, ಹಣದುಬ್ಬರ ಬಂತು. ನಿರೀಕ್ಷೆ ಗಿರೀಕ್ಷೆ ಅಂತ ಕಥೆ ಕಟ್ಟಿದ್ದು ಆಮೇಲೆ.

ಅಂಕಿಸಂಕಿ

ಆಮೇಲೆ ಅಲ್ಲ. ಮಿಲ್ಟನ್ ಫ್ರೀಡ್‌ಮನ್ ಇದನ್ನು ಹೇಳಿದ್ದು 1967ರ ಡಿಸೆಂಬರ್‌ನಲ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ. ಎಡ್ಮಂಡ್ ಫೆಲ್ಪ್ಸ್ ಅದೇ ಹೊತ್ತಿಗೆ ಬೇರೆ ದಾರಿಯಲ್ಲಿ ಅದೇ ಮಾತಿಗೆ ಬಂದಿದ್ದರು.

ತೈಲದ ಮಾತು ಬಿಟ್ಟು ಅಮೆರಿಕದ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡಿ. 1964ರಲ್ಲಿ ನಿರುದ್ಯೋಗ ಸುಮಾರು ಶೇ 5.2, ಹಣದುಬ್ಬರ ಸುಮಾರು ಶೇ 1.3. 1970ರಲ್ಲಿ ನಿರುದ್ಯೋಗ ಸುಮಾರು ಶೇ 5, ಹಣದುಬ್ಬರ ಶೇ 6ರ ಹತ್ತಿರ. ನಿರುದ್ಯೋಗ ಹೆಚ್ಚುಕಡಿಮೆ ಒಂದೇ. ಹಣದುಬ್ಬರ ನಾಲ್ಕು ಪಟ್ಟಿಗಿಂತ ಜಾಸ್ತಿ. ತೈಲ ನಿರ್ಬಂಧಕ್ಕೆ ಇನ್ನೂ ಮೂರು ವರ್ಷ ಬಾಕಿ ಇತ್ತು.

ಆ ಎರಡು ವರ್ಷಗಳ ನಡುವೆ ಏನಾಯಿತು? 1966ರಿಂದ 1969ರವರೆಗೆ ನಿರುದ್ಯೋಗ ಶೇ 3.8ರಿಂದ 3.5ರ ಒಳಗೇ ಇತ್ತು. ನಿರೀಕ್ಷೆ ಸೇರಿಸದ ಹಳೆಯ ರೇಖೆ ಸರಿ ಇದ್ದಿದ್ದರೆ ಹಣದುಬ್ಬರವೂ ಒಂದೇ ಕಡೆ ನಿಲ್ಲಬೇಕಿತ್ತು. ಅದು ಸುಮಾರು 3ರಿಂದ ಐದೂವರೆಯ ಹತ್ತಿರಕ್ಕೆ ಏರಿತು. ಓದುಹುಳು ಅವರ ಲೆಕ್ಕದ ಮೊದಲ ಮೂರು ವರ್ಷ ಇದೇ.

ಓದುಹುಳು

ಈ 1964 ಮತ್ತು 1970ರ ಜೋಡಿ ನನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸೂತ್ರಕ್ಕಿಂತ ಇದರಿಂದ ಜಾಸ್ತಿ ತಿಳಿಯಿತು. ಇನ್ನೊಂದು ಪ್ರಶ್ನೆ ಇದೆ. ಜನ ಯಾಕೆ ಹೋದ ವರ್ಷದ ಹಣದುಬ್ಬರವನ್ನೇ ಹಿಡಿದುಕೊಳ್ಳುತ್ತಾರೆ? ಯಾರೂ ಕೂತು ಹಣದುಬ್ಬರ ಲೆಕ್ಕ ಹಾಕುವುದಿಲ್ಲವಲ್ಲ.

ತಂಗಾಳಿ

ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಇದ್ದೇನೆ. ಅರ್ಥಶಾಸ್ತ್ರ ಓದಿಲ್ಲ. ಆದರೆ ಸಂಬಳ ಏರಿಕೆಯ ಮಾತುಕತೆಯಲ್ಲಿ ಪ್ರತಿ ವರ್ಷ ಕೂರುತ್ತೇನೆ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನೌಕರರ ಕಡೆಯವರು ಮೊದಲು ತೆಗೆಯುವ ಕಾಗದವೇ ಹೋದ ವರ್ಷದ ಬೆಲೆ ಏರಿಕೆಯದು. "ಇಷ್ಟು ಏರಿದೆ, ನೀವು ಕೊಟ್ಟದ್ದು ಇಷ್ಟು, ನಮಗೆ ಇಷ್ಟು ಖೋತಾ ಆಗಿದೆ" ಎಂದೇ ಮಾತು ಶುರುವಾಗುತ್ತದೆ. ನಾವೂ ಅದೇ ಅಂಕಿ ಹಿಡಿದು ಕೂತಿರುತ್ತೇವೆ. ಮುಂದಿನ ವರ್ಷ ಎಷ್ಟು ಏರುತ್ತದೆ ಎಂದು ಎರಡೂ ಕಡೆಯವರಿಗೆ ಗೊತ್ತಿಲ್ಲ, ಹಾಗಾಗಿ ಹಿಂದಿನದೇ ಆಧಾರ. ಅದರ ಮೇಲೆ ಎಷ್ಟು ಸೇರಿಸಬೇಕು ಎನ್ನುವುದು ಹೊರಗೆ ಕೆಲಸ ಸಿಗುವುದು ಎಷ್ಟು ಸುಲಭ ಅನ್ನುವುದರ ಮೇಲೆ ಹೋಗುತ್ತದೆ. ಬಿಟ್ಟು ಹೋಗುವವರು ಜಾಸ್ತಿ ಇದ್ದ ವರ್ಷ ನಾವು ಬೇಗ ಒಪ್ಪುತ್ತೇವೆ. ಅರ್ಜಿಗಳು ರಾಶಿ ಬಿದ್ದಿರುವ ವರ್ಷ ಅವರೇ ಮೆತ್ತಗಾಗುತ್ತಾರೆ.

ಒಪ್ಪಿ ಸಹಿ ಮಾಡಿದ ಮೇಲೆ ವರ್ಷವಿಡೀ ಅದೇ ಸಂಬಳ. ನಡುವೆ ಬೆಲೆ ಎಷ್ಟು ಏರಿದರೂ ಮುಂದಿನ ಮಾತುಕತೆಗೇ ಕಾಯಬೇಕು.

ಹಳೇ ಮೇಷ್ಟ್ರು

ತಂಗಾಳಿ ಅವರೇ, ಓದಿಲ್ಲ ಎಂದಿರಿ, ಇಡೀ ಸೂತ್ರವನ್ನೇ ಹೇಳಿಬಿಟ್ಟಿರಿ. ಹಿಂದಿನ ಬೆಲೆ ಏರಿಕೆಯ ಕಾಗದ ಅಂದರೆ πe. ಅದರ ಮೇಲೆ ಎಷ್ಟು ಸೇರುತ್ತದೆ, ಎಷ್ಟು ಕಡಿತ ಆಗುತ್ತದೆ ಅನ್ನುವುದು u ಮತ್ತು u* ನಡುವಿನ ಅಂತರ. ಎರಡೂ ಕಡೆಯವರ ಬಲ ಸರಿಸಮ ಆಗಿ, ಸೇರಿಸುವುದೂ ಇಲ್ಲ ಕಡಿತವೂ ಇಲ್ಲ ಎನ್ನುವಂತಾಗುವ ನಿರುದ್ಯೋಗದ ಮಟ್ಟವೇ ಸಹಜ ದರ.

ಫ್ರೀಡ್‌ಮನ್ ಅವರ ಕಥೆ ಮಾತ್ರ ಇದಕ್ಕಿಂತ ಸ್ವಲ್ಪ ಬೇರೆ, ಅದನ್ನೂ ತಿಳಿದಿರಿ. ಸಹಿ ಮಾಡುವಾಗ ಶೇ 2 ಬೆಲೆ ಏರಿಕೆ ಎಂದುಕೊಂಡು ಸಂಬಳಕ್ಕೆ ಶೇ 2 ಸೇರಿಸಿದರು ಎನ್ನಿ. ಬೆಲೆಗಳು ಶೇ 3 ಏರಿದವು. ಮಾಲೀಕರಿಗೆ ತಮ್ಮ ಸರಕಿನ ಬೆಲೆ ಏರಿದ್ದು ತಕ್ಷಣ ಕಾಣುತ್ತದೆ. ಸಂಬಳದ ಖರ್ಚು ಅಷ್ಟು ಏರಿಲ್ಲ, ಹಾಗಾಗಿ ಇನ್ನಷ್ಟು ಜನರನ್ನು ತೆಗೆದುಕೊಳ್ಳುವುದು ಲಾಭವೇ. ನೌಕರರಿಗೆ ತಮ್ಮ ಸಂಬಳ ನಿಜಕ್ಕೂ ಕರಗಿದ್ದು ತಡವಾಗಿ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಮುಂದಿನ ಸಹಿಯಲ್ಲಿ ಶೇ 3 ಕೇಳುತ್ತಾರೆ, ಹೊಸದಾಗಿ ತೆಗೆದುಕೊಂಡವರ ಲಾಭ ಮುಗಿಯುತ್ತದೆ, ನಿರುದ್ಯೋಗ ವಾಪಸ್ 5ಕ್ಕೆ. ಅದನ್ನು 3ರಲ್ಲೇ ಹಿಡಿಯಬೇಕಾದರೆ ಜನ ಎಣಿಸಿದ್ದಕ್ಕಿಂತ ಜಾಸ್ತಿ ಹಣದುಬ್ಬರವನ್ನು ಪ್ರತಿ ವರ್ಷ ಕೊಡುತ್ತಲೇ ಇರಬೇಕು. ಒಂದೇ ಮಟ್ಟದ ಹಣದುಬ್ಬರ ಸಾಲದು, ಅದು ಏರುತ್ತಲೇ ಹೋಗಬೇಕು.

ನೇರನುಡಿ

ಹಾಗಾದರೆ ಯಾವುದು ಮೊದಲು? ತಂಗಾಳಿ ಅವರ ಪ್ರಕಾರ ಜನ ಸಿಗದೆ ಸಂಬಳ ಏರಿತು, ಅದರಿಂದ ಬೆಲೆ ಏರಿತು. ನಿಮ್ಮ ಫ್ರೀಡ್‌ಮನ್ ಪ್ರಕಾರ ಬೆಲೆ ಏರಿತು, ಅದರಿಂದ ಕೆಲಸ ಹುಟ್ಟಿತು. ಎರಡೂ ಒಂದೇ ಸೂತ್ರ ಅಂದರೆ ಹೇಗೆ?

ಹಳೇ ಮೇಷ್ಟ್ರು

ಇದು ಸರಿಯಾದ ತಕರಾರು. ಸೂತ್ರ ಒಂದೇ, ಕಾರಣದ ದಿಕ್ಕು ಎರಡು. ಎ. ಡಬ್ಲ್ಯು. ಫಿಲಿಪ್ಸ್ 1958ರಲ್ಲಿ ಬ್ರಿಟನ್ನಿನ 1861ರಿಂದ 1957ರವರೆಗಿನ ಕೂಲಿ ಮತ್ತು ನಿರುದ್ಯೋಗದ ಅಂಕಿ ನೋಡಿದಾಗ ಅವರ ಮನಸ್ಸಿನಲ್ಲಿದ್ದದ್ದು ತಂಗಾಳಿ ಹೇಳಿದ ದಿಕ್ಕು. ಇವತ್ತು ಕೇಂದ್ರ ಬ್ಯಾಂಕುಗಳಲ್ಲಿ ಕೆಲಸ ಮಾಡುವವರೂ ಹೆಚ್ಚಾಗಿ ಅದನ್ನೇ ಹಿಡಿಯುತ್ತಾರೆ. ನನಗೂ ಅದೇ ಹೆಚ್ಚು ನಂಬಿಕೆ, ಯಾಕೆಂದರೆ ಅಷ್ಟು ದೊಡ್ಡ ಅಂಕಿಗಳು ಪತ್ರಿಕೆಯಲ್ಲಿ ಬರುವ ಕಾಲದಲ್ಲಿ ನೌಕರರಿಗೆ ಬೆಲೆ ಏರಿದ್ದು ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ ಎಂದು ಒಪ್ಪುವುದು ಕಷ್ಟ. ಆದರೆ ದೀರ್ಘಾವಧಿಯ ಬಗ್ಗೆ ಎರಡೂ ಒಂದೇ ಮಾತು ಹೇಳುತ್ತವೆ. ನಿರೀಕ್ಷೆ ಬೆಲೆಯನ್ನು ಹಿಡಿದ ದಿನ ನಿರುದ್ಯೋಗ ಸಹಜ ದರದಲ್ಲಿರುತ್ತದೆ.

ಬೆಳ್ಳಿಮೋಡ

ಓದುತ್ತಾ ಬೇಸರ ಆಯಿತು. ನಾನು ಕೆಲಸ ಕಳೆದುಕೊಂಡು ವರ್ಷದ ಮೇಲಾಯಿತು. ಮೊದಮೊದಲು ಸಂದರ್ಶನಕ್ಕೆ ಕರೆಯುತ್ತಿದ್ದರು. ಈಗ ನಡುವಿನ ಖಾಲಿ ತಿಂಗಳು ನೋಡಿಯೇ ಅರ್ಜಿ ಪಕ್ಕಕ್ಕೆ ಇಡುತ್ತಾರೆ. ನೀವು ಶೇ 5 ಜನ ಕೆಲಸವಿಲ್ಲದೆ ಇರುವುದು ಸಹಜ ಅಂತ ಬರೆಯುತ್ತಿದ್ದೀರಿ. ಅಂದರೆ ನಮಗೆ ಕೆಲಸ ಮಾಡುವ ಮನಸ್ಸಿಲ್ಲ ಅಂತಲೇ? ಸರ್ಕಾರ ಏನೂ ಮಾಡಬಾರದು ಅಂತಲೇ?

ಕುತೂಹಲಿ

ಬೇಗ ಒಳ್ಳೆಯ ಕೆಲಸ ಸಿಗಲಿ ನಿಮಗೆ.

ಹಳೇ ಮೇಷ್ಟ್ರು

ಬೆಳ್ಳಿಮೋಡ ಅವರೇ, ಎರಡು ಪ್ರಶ್ನೆಗೂ ಉತ್ತರ ಇಲ್ಲ ಎಂದೇ. ಸಹಜ ದರದಲ್ಲಿ ಇರುವವರು ಕೆಲಸ ಬೇಡ ಎನ್ನುವವರಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುತ್ತಿರುವವರು ಇದ್ದಾರೆ, ತಮ್ಮ ಕಸುಬಿಗೆ ಬೇಡಿಕೆ ಕಡಿಮೆಯಾದವರು ಇದ್ದಾರೆ, ಕೆಲಸ ಇರುವ ಊರೇ ಬೇರೆ ತಾವಿರುವ ಊರೇ ಬೇರೆ ಆದವರೂ ಇದ್ದಾರೆ. ಈ ದರವನ್ನು ಇಳಿಸಲು ಆಗುತ್ತದೆ. ಹೊಸ ಕಸುಬು ಕಲಿಸುವುದು, ಖಾಲಿ ಕೆಲಸದ ಸುದ್ದಿ ಬೇಗ ತಲುಪಿಸುವುದು, ಊರು ಬದಲಿಸಲು ನೆರವು ಕೊಡುವುದು ಎಲ್ಲ ಅದಕ್ಕೇ. ಸೂತ್ರ ಹೇಳುವುದು ಇಷ್ಟೇ: ಬಡ್ಡಿ ಇಳಿಸಿ ಖರ್ಚು ಹೆಚ್ಚಿಸುವುದೊಂದರಿಂದಲೇ ಅದಕ್ಕಿಂತ ಕೆಳಗೆ ಶಾಶ್ವತವಾಗಿ ಇರಲು ಆಗುವುದಿಲ್ಲ.

ಇನ್ನೊಂದು ಮಾತು, ನಿಮ್ಮ ಅನುಭವ ಈ ಚರ್ಚೆಗೆ ನೇರವಾಗಿ ಸೇರುತ್ತದೆ. 1986ರಲ್ಲಿ ಒಲಿವಿಯೆ ಬ್ಲಾಂಷಾರ್ ಮತ್ತು ಲಾರೆನ್ಸ್ ಸಮ್ಮರ್ಸ್ ಯುರೋಪಿನ ಬಗ್ಗೆ ಬರೆದದ್ದು ಇದನ್ನೇ. ಅಲ್ಲಿ ನಿರುದ್ಯೋಗ ಏರಿ ಹಾಗೇ ನಿಂತುಬಿಟ್ಟಿತ್ತು. ಅಷ್ಟು ನಿರುದ್ಯೋಗಕ್ಕೆ ಹಣದುಬ್ಬರ ಬೀಳುತ್ತಲೇ ಹೋಗಬೇಕಿತ್ತು, ಹಾಗೆ ಆಗಲಿಲ್ಲ. ಬಹಳ ದಿನ ಹೊರಗಿದ್ದವರನ್ನು ಮಾಲೀಕರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಒಳಗಿರುವವರ ಸಂಬಳದ ಮಾತುಕತೆಯ ಮೇಲೆ ಅವರಿಂದ ಒತ್ತಡ ಬೀಳುವುದಿಲ್ಲ. ಆಗ ಸಹಜ ದರವೇ ಮೇಲಕ್ಕೆ ಹೋಗುತ್ತದೆ. ಈ ರೇಖೆಯನ್ನು ಹಿಡಿದು ನಿಲ್ಲಿಸುವ ಗೂಟವೇ ಜರುಗಿದಂತಾಯಿತು.

ನೇರನುಡಿ

ಗೂಟವೇ ಜರುಗುತ್ತದೆ ಅಂದಮೇಲೆ ಅದನ್ನು ನಂಬಿ ನೀತಿ ಮಾಡುವುದು ಹೇಗೆ? ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಈ u* ಕಣ್ಣಿಗೆ ಕಾಣಲ್ಲ, ಅಳೆಯಲು ಆಗಲ್ಲ. ಹಣದುಬ್ಬರ ಏರಿದರೆ "ನಿರುದ್ಯೋಗ u*ಗಿಂತ ಕೆಳಗಿತ್ತು" ಎನ್ನುತ್ತೀರಿ. ಇಳಿದರೆ "ಮೇಲಿತ್ತು" ಎನ್ನುತ್ತೀರಿ. ಆದದ್ದಾದ ಮೇಲೆ ಯಾರು ಬೇಕಾದರೂ ಹೇಳಬಹುದು.

ಅಂಕಿಸಂಕಿ

ಇಲ್ಲಿ ನೇರನುಡಿ ಅವರ ಜೊತೆ ಅರ್ಧ ದಾರಿ ಬರುತ್ತೇನೆ. ಅಳತೆ ನಿಜಕ್ಕೂ ಕಷ್ಟ. ಸ್ಟೈಗರ್, ಸ್ಟಾಕ್ ಮತ್ತು ವಾಟ್ಸನ್ 1997ರಲ್ಲಿ ಅಮೆರಿಕದ 1990ರ ಸಹಜ ದರವನ್ನು ಅಂದಾಜು ಮಾಡಿದಾಗ ಶೇ 95 ಭರವಸೆಯ ವ್ಯಾಪ್ತಿ 5.1ರಿಂದ 7.7ರವರೆಗೆ ಬಂತು. ಎರಡೂವರೆ ಅಂಶದ ಅಗಲ! ನೀತಿ ಮಾಡುವವರಿಗೆ ಇದು ಏನೂ ಹೇಳಿದಂತಲ್ಲ.

ಇದರಿಂದ ಲೆಕ್ಕ ಎಷ್ಟು ಬದಲಾಗುತ್ತದೆ ಎಂದು ಒಂದು ಉದಾಹರಣೆ ಹಾಕುತ್ತೇನೆ. ಪಾಲ್ ವೋಲ್ಕರ್ 1979ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾದರು. ಹಣದುಬ್ಬರ 1980ರಲ್ಲಿ ಶೇ 13.5 ಇದ್ದದ್ದು 1983ರ ಹೊತ್ತಿಗೆ ಶೇ 3.2ಕ್ಕೆ ಇಳಿಯಿತು. ಅದಕ್ಕೆ ತೆತ್ತದ್ದು ಎಷ್ಟು? ವಾರ್ಷಿಕ ನಿರುದ್ಯೋಗ 1980ರಲ್ಲಿ 7.1, ಆಮೇಲೆ 7.6, ಆಮೇಲೆ 9.7, 1983ರಲ್ಲಿ 9.6. ಸಹಜ ದರ 6 ಎಂದುಕೊಂಡರೆ ಅದರ ಮೇಲಿನ ಹೆಚ್ಚುವರಿ 1.1, 1.6, 3.7, 3.6. ಒಟ್ಟು 10. ಸಹಜ ದರ 7 ಎಂದುಕೊಂಡರೆ 0.1, 0.6, 2.7, 2.6. ಒಟ್ಟು 6.

ಅಂಕಿಗಳು ಅವೇ, ಇಳಿದ ಹಣದುಬ್ಬರವೂ ಅದೇ. ಸಹಜ ದರದ ಊಹೆ ಒಂದು ಅಂಶ ಬದಲಾದರೆ ತೆತ್ತ ಬೆಲೆ 10ರಿಂದ 6ಕ್ಕೆ ಬೀಳುತ್ತದೆ. ಯಾರಾದರೂ ಹಣದುಬ್ಬರ ಒಂದು ಅಂಶ ಇಳಿಸಲು ಇಷ್ಟೇ ನಿರುದ್ಯೋಗ ಬೇಕು ಎಂದು ಖಡಾಖಂಡಿತವಾಗಿ ಹೇಳಿದರೆ, u* ಎಷ್ಟು ಹಿಡಿದಿರಿ ಎಂದು ಮೊದಲು ಕೇಳಿ.

ಹಳೇ ಮೇಷ್ಟ್ರು

ಒಳ್ಳೆಯ ಲೆಕ್ಕ. ಒಂದು ಎಚ್ಚರ ಸೇರಿಸುತ್ತೇನೆ. ಆಗಿನ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮನೆ ಸಾಲದ ಬಡ್ಡಿಯೂ ಸೇರಿತ್ತು. 1983ರಲ್ಲಿ ಆ ಪದ್ಧತಿ ಬದಲಾಯಿತು. ವೋಲ್ಕರ್ ಬಡ್ಡಿ ಏರಿಸಿದಾಗ ಸೂಚ್ಯಂಕವೇ ಅದರಿಂದ ಮೇಲಕ್ಕೆ ಹೋಗುತ್ತಿತ್ತು. ಹಾಗಾಗಿ 13.5 ಎನ್ನುವುದು ಸ್ವಲ್ಪ ಉಬ್ಬಿದ ಅಂಕಿ, ನಿಜವಾದ ಇಳಿಕೆ 10ಕ್ಕಿಂತ ಕಡಿಮೆ. ತೆತ್ತ ಬೆಲೆ ಪ್ರತಿ ಅಂಶಕ್ಕೆ ಇನ್ನೂ ದುಬಾರಿ ಆಯಿತು.

ಆದರೆ ನೇರನುಡಿ ಅವರೇ, ಆದದ್ದಾದ ಮೇಲೆ ಮಾತ್ರ ಹೇಳಬಹುದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ತಪ್ಪು ಊಹೆ ದಾರಿಯಲ್ಲೇ ಸುಳಿವು ಕೊಡುತ್ತದೆ. 1962ರಲ್ಲಿ ಕೆನಡಿ ಅವರ ಆರ್ಥಿಕ ಸಲಹೆಗಾರರು ಶೇ 4 ನಿರುದ್ಯೋಗವನ್ನು ಮಧ್ಯಂತರ ಗುರಿ ಎಂದು ಇಟ್ಟರು. ಆಮೇಲೂ ಬಹಳ ಕಾಲ ಅದೇ ಅಂಕಿ ತಲೆಯಲ್ಲಿ ಉಳಿಯಿತು. ನಿಜವಾದ ಸಹಜ ದರ ಅದಕ್ಕಿಂತ ಒಂದೂವರೆ ಎರಡು ಅಂಶ ಮೇಲಿತ್ತು ಎಂದು ಆಮೇಲಿನ ಹೆಚ್ಚಿನ ಅಂದಾಜುಗಳು ಹೇಳುತ್ತವೆ. ಇಂಥ ಕಡೆ ಏನಾಗುತ್ತದೆ ನೋಡಿ. ನೀವು ಗುರಿ ಮುಟ್ಟಿದ್ದೀರಿ, ನಿರುದ್ಯೋಗ 4ರಲ್ಲಿ ಇದೆ, ಎಲ್ಲ ಸರಿ ಎಂದುಕೊಂಡಿದ್ದೀರಿ. ಹಣದುಬ್ಬರ ಮಾತ್ರ ವರ್ಷಕ್ಕೆ ಒಂದು ಅಂಶದಂತೆ ಏರುತ್ತಲೇ ಇದೆ. ಒಂದು ವರ್ಷ ಏರಿದರೆ ಬೆಳೆ ಕೈಕೊಟ್ಟಿರಬಹುದು, ತೈಲ ಇರಬಹುದು. ಬೇರೆ ಬೇರೆ ನೆಪಗಳಿಂದ ಮೂರು ನಾಲ್ಕು ವರ್ಷ ಒಂದೇ ದಿಕ್ಕಿಗೆ ಹೋದರೆ, ಕೂಲಿಯೂ ಜೊತೆಗೇ ಏರಿದರೆ, ನಿಮ್ಮ u* ತಪ್ಪಿದೆ ಎಂದೇ ಅರ್ಥ.

ಕುತೂಹಲಿ

ಉಲ್ಟಾ ದಿಕ್ಕಿನಲ್ಲೂ ತಪ್ಪಿದ್ದು ಉಂಟಾ?

ಅಂಕಿಸಂಕಿ

ಉಂಟು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಹಜ ದರ ಶೇ 6ರ ಆಸುಪಾಸು ಎಂದು ಬಹಳ ಜನ ನಂಬಿದ್ದರು. 1994ರಲ್ಲೇ ನಿರುದ್ಯೋಗ 6ರ ಕೆಳಗೆ ಇಳಿಯಿತು, 2000ದಲ್ಲಿ 4ಕ್ಕೆ ಬಂತು. ಹಣದುಬ್ಬರ 1998ರಲ್ಲಿ ಶೇ 1.6 ಅಷ್ಟೇ. 6ನ್ನೇ ನಂಬಿ ಬಡ್ಡಿ ಏರಿಸುತ್ತಲೇ ಹೋಗಿದ್ದರೆ ಎಷ್ಟೋ ಜನರಿಗೆ ಸಿಕ್ಕ ಕೆಲಸ ಸಿಗುತ್ತಲೇ ಇರಲಿಲ್ಲ.

ಬೆಳ್ಳಿಮೋಡ

ಇದನ್ನು ಓದಿದ ಮೇಲೆ ನನಗೆ ಅನಿಸಿದ್ದು ಹೇಳುತ್ತೇನೆ. ಎರಡೂ ಕಡೆ ತಪ್ಪು ಆಗಬಹುದು ಅಂದರೆ ಎರಡರ ನಷ್ಟ ಒಂದೇ ಅಲ್ಲ. ಒಂದು ತಪ್ಪಿನಲ್ಲಿ ಎಲ್ಲರಿಗೂ ಬೆಲೆ ಸ್ವಲ್ಪ ಏರುತ್ತದೆ. ಇನ್ನೊಂದರಲ್ಲಿ ಕೆಲವರ ಇಡೀ ಸಂಬಳವೇ ಹೋಗುತ್ತದೆ. ಹೋದವರು ಬೇಗ ವಾಪಸ್ ಬರುವುದಿಲ್ಲ ಅಂತ ಮೇಷ್ಟ್ರೇ ಹೇಳಿದರು.

ತಂಗಾಳಿ

ಬೆಳ್ಳಿಮೋಡ ಅವರ ಮಾತು ನೂರಕ್ಕೆ ನೂರು ಸರಿ. ಅರ್ಜಿ ಪಕ್ಕಕ್ಕೆ ಇಡುವ ಕೆಲಸ ನಮ್ಮಲ್ಲೂ ನಡೆಯುತ್ತದೆ. ಜನ ಸಿಗದ ವರ್ಷ ಮಾತ್ರ ಆ ಖಾಲಿ ತಿಂಗಳುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ನೇರನುಡಿ

ನನ್ನ ದೊಡ್ಡ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. 2008ರ ಕುಸಿತದ ನಂತರ ಅಮೆರಿಕದಲ್ಲಿ ನಿರುದ್ಯೋಗ ಶೇ 10ಕ್ಕೆ ಹೋಯಿತು. ಓದುಹುಳು ಅವರ ಸೂತ್ರ ಹಾಕಿದರೆ ಏನು ಬರಬೇಕಿತ್ತು?

ಅಂಕಿಸಂಕಿ

ಹಾಕೋಣ. 2009ರಿಂದ 2012ರವರೆಗೆ ನಿರುದ್ಯೋಗ 9.3, 9.6, 8.9, 8.1. ಸಹಜ ದರ 5 ಎಂದರೆ ನಾಲ್ಕು ವರ್ಷದ ಹೆಚ್ಚುವರಿ ಒಟ್ಟು 15.9. ಅದರ ಅರ್ಧ ಅಂದರೆ ಸುಮಾರು 8. ಹಣದುಬ್ಬರ 2ರಿಂದ ಶುರುವಾಗಿದ್ದರೆ ಮೈನಸ್ 6ಕ್ಕೆ ಬೀಳಬೇಕಿತ್ತು. ಅದು ಆಗಲಿಲ್ಲ. 2009ರಲ್ಲಿ ತೈಲ ಬಿದ್ದು ಸ್ವಲ್ಪ ಕಾಲ ಸೊನ್ನೆಗಿಂತ ಕೆಳಗೆ ಹೋಗಿ ಬಂದದ್ದು ಬಿಟ್ಟರೆ ಹಣದುಬ್ಬರ 1ರಿಂದ 4ರ ನಡುವೆಯೇ ಓಡಾಡಿತು.

ನೇರನುಡಿ

ಅಷ್ಟೇ. ಸತ್ತಿದೆ ಅಂದೆನಲ್ಲ.

ಹಳೇ ಮೇಷ್ಟ್ರು

ಸತ್ತದ್ದು ರೇಖೆ ಅಲ್ಲ. ಜನ ಹೋದ ವರ್ಷದ ಹಣದುಬ್ಬರವನ್ನೇ ನಿರೀಕ್ಷಿಸುತ್ತಾರೆ ಎನ್ನುವ ಊಹೆ. ಸೂತ್ರದಲ್ಲಿ πe ಇದೆ. ಅದು ಹೇಗೆ ಹುಟ್ಟುತ್ತದೆ ಎಂದು ಸೂತ್ರ ಹೇಳುವುದಿಲ್ಲ, ಅದನ್ನು ನಾವು ಹೊರಗಿನಿಂದ ತಂದು ಸೇರಿಸುತ್ತೇವೆ. 1970ರ ದಶಕದಲ್ಲಿ ಕೇಂದ್ರ ಬ್ಯಾಂಕನ್ನು ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ಹಿಂದಿನ ವರ್ಷವೇ ಗತಿ. ವೋಲ್ಕರ್ ಕಾಲದ ನಂತರ ನಂಬಿಕೆ ನಿಧಾನಕ್ಕೆ ಬೆಳೆಯಿತು. 2012ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಶೇ 2 ತನ್ನ ಗುರಿ ಎಂದು ಬಾಯಿಬಿಟ್ಟೇ ಹೇಳಿತು. ಈ ವರ್ಷ 1 ಬಂದರೂ 3 ಬಂದರೂ ಜನ ಮುಂದಕ್ಕೆ 2 ಎಂದೇ ಎಣಿಸಿದರೆ ರೇಖೆ ಜರುಗುವುದೇ ಇಲ್ಲ. ನನ್ನ ತೊಟ್ಟಿಗೆ ಆಗ ಮಟ್ಟವನ್ನು 2ಕ್ಕೆ ತರುವ ಒಂದು ಸೋರಿಕೆ ಬಂದಂತೆ.

ಇಳಿಜಾರು ಕೂಡ ಮೊದಲಿಗಿಂತ ಚಪ್ಪಟೆಯಾಗಿದೆ, a ಎನ್ನುವುದು 0.5 ಇಲ್ಲ ಎಂದು ಹೇಳುವವರೂ ಇದ್ದಾರೆ. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಓದುಹುಳು

ಹಾಗಾದರೆ ನನ್ನ ಲೆಕ್ಕದಲ್ಲಿ ನಿರೀಕ್ಷೆ 2ಕ್ಕೆ ಅಂಟಿಕೊಂಡಿದ್ದರೆ ಮೂರು ವರ್ಷವೂ ಹಣದುಬ್ಬರ 3, 3, 3. ನಾಲ್ಕನೇ ವರ್ಷ ನಿರುದ್ಯೋಗ 5ಕ್ಕೆ ಬಂದಾಗ ಹಣದುಬ್ಬರ ತಾನೇ ತಾನಾಗಿ 2. ನಾನು ಮೊದಲು ಕೇಳಿದ ಉತ್ತರವೇ ಬರುತ್ತದೆ, ಅಲ್ವಾ?

ಅಂಕಿಸಂಕಿ

ಹೌದು. ಲೆಕ್ಕ ಸರಿಯಾಗಿದೆ. ಪ್ರಶ್ನೆಪತ್ರಿಕೆಯಲ್ಲಿ ನಿರೀಕ್ಷೆಯ ಬಗ್ಗೆ ಏನು ಬರೆದಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ಸೂತ್ರ ಹಾಕಿ.

ನೇರನುಡಿ

ಒಂದು ನಿಮಿಷ. ಹಾಗಾದರೆ ನಿರುದ್ಯೋಗ ಶಾಶ್ವತವಾಗಿ 3, ಹಣದುಬ್ಬರ ಶಾಶ್ವತವಾಗಿ 3. ಯಾರಿಗೂ ನಷ್ಟವಿಲ್ಲ! ಫ್ರೀಡ್‌ಮನ್ ಆಗಲ್ಲ ಎಂದದ್ದು ಆಯಿತಲ್ಲ?

ಹಳೇ ಮೇಷ್ಟ್ರು

ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಪ್ರಶ್ನೆ. ತಂಗಾಳಿ ಅವರ ಮೇಜಿನ ಆಚೆ ಕೂತಿರುವವರು ಪ್ರತಿ ವರ್ಷ 2 ಎಣಿಸಿ ಸಹಿ ಮಾಡುತ್ತಾರೆ, ಪ್ರತಿ ವರ್ಷ 3 ಬರುತ್ತದೆ. ಎಲ್ಲಿಯವರೆಗೆ ಅವರು 2 ಎಂದೇ ಸಹಿ ಮಾಡುತ್ತಾರೆ?

ತಂಗಾಳಿ

ಒಂದು ಸಲ ಬಿಟ್ಟುಕೊಡುತ್ತಾರೆ. ಎರಡನೇ ಸಲ ಜಗಳ ಆಡುತ್ತಾರೆ. ಮೂರನೇ ಸಲ ಹಳೆಯ ಬಾಕಿಯನ್ನೂ ಸೇರಿಸಿ ಕೇಳುತ್ತಾರೆ.

ನೇರನುಡಿ

2022ರ ಬಗ್ಗೆ ಏನು ಹೇಳುತ್ತೀರಿ? ಅಮೆರಿಕದಲ್ಲಿ ಆ ಜೂನ್‌ನಲ್ಲಿ ಹಣದುಬ್ಬರ ಶೇ 9.1, ಮರುವರ್ಷ ಜೂನ್‌ನಲ್ಲಿ ಶೇ 3. ನಿರುದ್ಯೋಗ ಎರಡೂ ಸಲ ಶೇ 3.6. ತೂಬು ತೆಗೆಯದೇ ನೀರು ಇಳಿಯಿತು.

ಅಂಕಿಸಂಕಿ

ಒಂದು ಪಾಲು ಸರಬರಾಜು ಮತ್ತು ಇಂಧನ ಬೆಲೆ ಸುಧಾರಿಸಿದ್ದರಿಂದ. ಅವು ಈ ಸೂತ್ರದಲ್ಲಿ ಇಲ್ಲವೇ ಇಲ್ಲ, ಹೊರಗಿನಿಂದ ಸೇರಿಸಬೇಕು. ಇನ್ನೊಂದು, ಬಿಸಿ ಅಳೆಯಲು ನಿರುದ್ಯೋಗ ಒಂದೇ ಸಾಲದು. 2022ರಲ್ಲಿ ಅಲ್ಲಿ ಒಬ್ಬ ನಿರುದ್ಯೋಗಿಗೆ ಸುಮಾರು ಎರಡು ಖಾಲಿ ಹುದ್ದೆ ಇದ್ದವು. ಬಡ್ಡಿ ಏರಿದಾಗ ಮೊದಲು ಕರಗಿದ್ದು ಆ ಖಾಲಿ ಹುದ್ದೆಗಳು, ಕೆಲಸದಲ್ಲಿದ್ದವರಲ್ಲ.

ಹಳೇ ಮೇಷ್ಟ್ರು

ಅದಕ್ಕೆ ನಾನು ಮೂರನೆಯದನ್ನು ಸೇರಿಸುತ್ತೇನೆ, ಅದೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಹಣದುಬ್ಬರ 9 ಮುಟ್ಟಿದಾಗಲೂ ಐದು ಹತ್ತು ವರ್ಷದ ಮುಂದಿನ ನಿರೀಕ್ಷೆಗಳು 2, 3ರ ಸುತ್ತಲೇ ಇದ್ದವು. 1979ರಲ್ಲಿ ವೋಲ್ಕರ್‌ಗೆ ಆ ಅನುಕೂಲ ಇರಲಿಲ್ಲ.

ಅಂಕಿಸಂಕಿ

ಅಲ್ಲೇ ನನಗೆ ಅನುಮಾನ ಮೇಷ್ಟ್ರೇ. ಆ ಐದು ಹತ್ತು ವರ್ಷದ ನಿರೀಕ್ಷೆ ಹಣಕಾಸು ಪೇಟೆಯವರದು, ತಜ್ಞರದು, ಸಮೀಕ್ಷೆಯವರು ಕೇಳಿದಾಗ ಜನ ಹೇಳಿದ್ದು. ಸಂಬಳದ ಮೇಜಿನಲ್ಲಿ ಹತ್ತು ವರ್ಷದ ಮಾತು ಯಾರೂ ಆಡುವುದಿಲ್ಲ. ಅಲ್ಲಿ ನಡೆಯುವುದು ಮುಂದಿನ ಒಂದು ವರ್ಷದ ಲೆಕ್ಕ. ಆ ಒಂದು ವರ್ಷದ ನಿರೀಕ್ಷೆ 2022ರಲ್ಲಿ ಚೆನ್ನಾಗಿಯೇ ಏರಿತ್ತು. ಸೂತ್ರದ πe ಇವೆರಡರಲ್ಲಿ ಯಾವುದು?

ಹಳೇ ಮೇಷ್ಟ್ರು

ಒಂದು ವರ್ಷದ್ದು ಸೂತ್ರಕ್ಕೆ ಹತ್ತಿರ ಎಂದು ಒಪ್ಪುತ್ತೇನೆ. ಆದರೆ ಅದು ಏರಿದಷ್ಟೇ ಬೇಗ ಇಳಿಯಿತು. ದೂರದ ನಿರೀಕ್ಷೆ ಗಟ್ಟಿಯಾಗಿ ಇಲ್ಲದಿದ್ದರೆ ಹಾಗೆ ಇಳಿಯುತ್ತಿತ್ತೇ?

ನೇರನುಡಿ

ಇಂಧನ ಬೆಲೆ ಇಳಿದದ್ದಕ್ಕೆ ಇಳಿಯಿತು ಎನ್ನುವುದು ನನ್ನ ಉತ್ತರ. ಬೇರೆ ಸಾಕ್ಷಿ ತೋರಿಸಿ, ಒಪ್ಪುತ್ತೇನೆ.

ಓದುಹುಳು

ನೀವು ಮುಂದುವರಿಸಿ, ಓದುತ್ತಿರುತ್ತೇನೆ. ಪರೀಕ್ಷೆಗೆ ಒಂದು ಕೊನೆಯ ಅನುಮಾನ. ನಿರೀಕ್ಷೆ 2ಕ್ಕೆ ಅಂಟಿಕೊಂಡಿರುವ ಕಡೆ ಹಣದುಬ್ಬರ ಏರದೆ 3ರಲ್ಲೇ ನಿಂತಿದ್ದರೆ, "ಹಣದುಬ್ಬರ ಸ್ಥಿರವಾಗಿದೆ, ಹಾಗಾಗಿ ನಿರುದ್ಯೋಗ ಸಹಜ ದರದಲ್ಲಿದೆ" ಎಂದು ಬರೆಯಬಹುದಾ?

ಅಂಕಿಸಂಕಿ

ಬರೆಯಬೇಡಿ. ಅಲ್ಲಿ ನಿರುದ್ಯೋಗ 3, ಸಹಜ ದರ 5, ಆದರೂ ಹಣದುಬ್ಬರ ಸ್ಥಿರ. ಹಣದುಬ್ಬರ ಏರುತ್ತಿದೆಯಾ ಎಂದು ನೋಡುವ ಪರೀಕ್ಷೆ ನಿರೀಕ್ಷೆ ಹಿಂದಿನ ವರ್ಷವನ್ನು ಹಿಂಬಾಲಿಸುವಾಗ ಮಾತ್ರ ನಡೆಯುತ್ತದೆ. ಎರಡೂ ಕಡೆ ನಡೆಯುವ ಪರೀಕ್ಷೆ ಒಂದೇ, ಬಂದ ಹಣದುಬ್ಬರ ಜನ ಎಣಿಸಿದ್ದಕ್ಕೆ ಸಮ ಇದೆಯಾ ಎಂದು ನೋಡುವುದು. ಇಲ್ಲಿ 3 ಬಂದಿದೆ, ಎಣಿಸಿದ್ದು 2. ಸಮ ಇಲ್ಲ.